ದಿನ ತುಂಬಿದ ಮನೆಯಲ್ಲಿ

ತಾಯಿ ಕಾರ್ಡಿನಲ್ಲಿ ಬರೆದ ಹೆರಿಗೆಯ ತಾರೀಖಿಗೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕದ ಮನೆಯನ್ನು ನಾನು ನೋಡಿಲ್ಲ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಬರೆದ ತಾರೀಖು ಅದು. ಸರಿಯಾಗಿ ಅದೇ ದಿನ ಹುಟ್ಟುವ ಕೂಸುಗಳು ನೂರರಲ್ಲಿ ನಾಲ್ಕೋ ಐದೋ. 37 ವಾರ ತುಂಬಿದ ಮೇಲೆ 42ರ ಒಳಗೆ ಯಾವ ದಿನವಾದರೂ ಅದರದೇ ದಿನ. ಹಾಗಾಗಿ ಕ್ಯಾಲೆಂಡರ್ ನೋಡುವುದು ಬಿಟ್ಟು ಬಸುರಿಯ ಮೈ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಬೇಕು. ಮಲೆನಾಡಿನ ಹಳ್ಳಿಗಳಲ್ಲಿ ನರ್ಸಮ್ಮ ಅನ್ನಿಸಿಕೊಂಡು ಓಡಾಡಿದ ನನಗೆ ಜನ ಹೆಚ್ಚಾಗಿ ಕೇಳಿದ ಪ್ರಶ್ನೆಯೂ ಇದೇ: "ಹೊರಡೋ ಹೊತ್ತಾಯ್ತು ಅಂತ ಹೆಂಗೆ ಗೊತ್ತಾಗೋದು ಸಿಸ್ಟ್ರೇ?"

ಹೇಳುವ ಗುರುತುಗಳು ಮುಖ್ಯವಾಗಿ ಮೂರು. ಲೋಳೆ ಬೀಳುವುದು, ನೀರು ಹೋಗುವುದು, ಹೊಟ್ಟೆ ಬಿಟ್ಟುಬಿಟ್ಟು ಬಿಗಿಯುವುದು. ಇವು ಇದೇ ಸಾಲಿನಲ್ಲಿ ಬರಬೇಕೆಂದಿಲ್ಲ. ಮೂರಕ್ಕೂ ಒಂದೇ ಥರ ಗಾಬರಿ ಬೀಳುವುದೂ ತಪ್ಪು, ಮೂರಕ್ಕೂ ಒಂದೇ ಥರ ಕಾಯುವುದೂ ತಪ್ಪು. ಒಂದೊಂದಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ.

ಮೊದಲು ಲೋಳೆಯ ಮಾತು. ಬಸುರು ನಿಂತಾಗಿನಿಂದ ಗರ್ಭದ ಕೊರಳಿನಲ್ಲಿ ಗಟ್ಟಿ ಲೋಳೆಯೊಂದು ಕೂತು ದಾರಿ ಮುಚ್ಚಿರುತ್ತದೆ. ಹೊರಗಿನ ಸೋಂಕು ಮೇಲೆ ಹೋಗದಂತೆ ತಡೆಯುವುದು ಅದರ ಕೆಲಸ. ದಿನ ತುಂಬುತ್ತ ಬಂದಂತೆ ಗಟ್ಟಿಯಾಗಿದ್ದ ಕೊರಳು ಮೆತ್ತಗಾಗಿ, ಗಿಡ್ಡವಾಗಿ, ಸ್ವಲ್ಪ ಬಾಯಿ ಬಿಡುತ್ತದೆ. ಆಗ ಆ ಲೋಳೆಗೆ ಹಿಡಿತ ತಪ್ಪುತ್ತದೆ. ಲೋಳೆಸರ ಸುಲಿದಾಗ ಸಿಗುವ ತಿರುಳಿನಂತೆ ಒಂದು ದೊಡ್ಡ ಚಮಚದಷ್ಟು ಬಟ್ಟೆಯ ಮೇಲೆ ಕಾಣಬಹುದು. ಕೆಲವರಿಗೆ ಚೂರುಚೂರಾಗಿ ಎರಡು ಮೂರು ದಿನ ಹೋಗುತ್ತದೆ, ಕೆಲವರಿಗೆ ಬಚ್ಚಲಿನಲ್ಲಿ ಹೋಗಿದ್ದು ಗೊತ್ತೇ ಆಗುವುದಿಲ್ಲ. ಅದರಲ್ಲಿ ಗುಲಾಬಿ ಛಾಯೆ, ಕಂದು ಬಣ್ಣ, ನೆತ್ತರಿನ ಒಂದೆರಡು ಎಳೆ ಇದ್ದರೆ ಹೆದರಬೇಕಾಗಿಲ್ಲ. ಕೊರಳು ತೆರೆಯುವಾಗ ಅಲ್ಲಿನ ಸಣ್ಣ ರಕ್ತನಾಳಗಳು ಒಡೆದು ಬರುವ ಬಣ್ಣ ಅದು. ಡಾಕ್ಟರು ಒಳಗೆ ಕೈಯಿಟ್ಟು ಪರೀಕ್ಷೆ ಮಾಡಿದ ಮರುದಿನವೂ ಹೀಗೆ ಸ್ವಲ್ಪ ಕಲೆ ಕಾಣುವುದುಂಟು.

ಲೋಳೆ ಬಿತ್ತೆಂದರೆ ಹೆರಿಗೆ ಇವತ್ತೇ ಎಂದು ತಿಳಿಯಬಾರದು. ಅದೇ ರಾತ್ರಿ ನೋವು ಬಂದವರಿದ್ದಾರೆ, ಎರಡು ವಾರ ಕಾದವರೂ ಇದ್ದಾರೆ. ಆದ್ದರಿಂದ ಲೋಳೆಗೆ ಕೇಳಬೇಕಾದ ಪ್ರಶ್ನೆ ಯಾವಾಗ ಬಿತ್ತು ಎಂಬುದಕ್ಕಿಂತ ಎಷ್ಟು ಕೆಂಪಿದೆ ಎಂಬುದು. ಮುಟ್ಟಿನಂತೆ ಹಸಿ ಕೆಂಪು ರಕ್ತ ಹರಿದರೆ ಅದು ಲೋಳೆಯ ಲೆಕ್ಕಕ್ಕೆ ಬರುವುದಿಲ್ಲ. ಮಾಸು ಕೆಳಗೆ ಕೂತಿರಬಹುದು, ಇಲ್ಲವೇ ಹೆರಿಗೆಗೆ ಮೊದಲೇ ಗರ್ಭದ ಗೋಡೆಯಿಂದ ಬಿಟ್ಟಿರಬಹುದು. ನೋವು ಇರಲಿ ಬಿಡಲಿ, ಆ ಕ್ಷಣವೇ ಹೊರಡಬೇಕು. 37 ವಾರ ತುಂಬುವ ಮೊದಲೇ ಲೋಳೆ ಬಿದ್ದರೂ ಆಸ್ಪತ್ರೆಗೆ ತಿಳಿಸಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಸೀಮಂತದ ಸೀರೆ, ಬಳೆ, ಬುಟ್ಟಿ ತುಂಬ ತಿಂಡಿ ಎಲ್ಲವೂ ಜೊತೆಗೆ ಹೋಗುತ್ತವೆ. ತಾಯಿ ಕಾರ್ಡು, ರಕ್ತದ ಗುಂಪಿನ ಚೀಟಿ, ಸ್ಕ್ಯಾನಿಂಗ್ ರಿಪೋರ್ಟು ಮಾತ್ರ ಗಂಡನ ಮನೆಯ ಕಪಾಟಿನಲ್ಲಿ ಉಳಿದುಬಿಡುತ್ತವೆ. ಮಾಸು ಕೆಳಗಿದೆ ಎಂದು ಐದನೇ ತಿಂಗಳಲ್ಲೇ ಸ್ಕ್ಯಾನಿಂಗಿನಲ್ಲಿ ಬರೆದಿದ್ದರೂ ತವರೂರಿನ ಆಸ್ಪತ್ರೆಯವರಿಗೆ ಅದು ಗೊತ್ತಾಗುವುದು ರಕ್ತ ಹೋದ ಮೇಲೆ. ಬಳೆಯ ಜೊತೆ ಆ ಕಾಗದಗಳನ್ನೂ ಕಟ್ಟಿ ಕಳಿಸಿ ಎಂದು ನಾನು ಅತ್ತೆಯಂದಿರಿಗೆ ಹೇಳುತ್ತ ಬಂದಿದ್ದೇನೆ.

ಇನ್ನು ನೀರು. ಕೂಸಿನ ಸುತ್ತ ಇರುವ ನೀರುಚೀಲ ಹೆಚ್ಚಿನವರಿಗೆ ಒಡೆಯುವುದು ನೋವು ಬಲವಾದ ಮೇಲೆ. ನೋವಿಗಿಂತ ಮೊದಲೇ ನೀರು ಹೋಗುವುದು ದಿನ ತುಂಬಿದವರಲ್ಲಿ ನೂರಕ್ಕೆ ಎಂಟು ಹತ್ತು ಮಂದಿಗೆ. ಹಾಗೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದು ದಿನದೊಳಗೆ ನೋವು ತಾನಾಗಿಯೇ ಶುರುವಾಗುತ್ತದೆ. ದಳದಳ ಸುರಿದು ನೆಲ ಒದ್ದೆಯಾದರೆ ಅನುಮಾನವೇ ಬರುವುದಿಲ್ಲ. ತೊಡಕಿರುವುದು ತೊಟ್ಟುತೊಟ್ಟಾಗಿ ಒಸರುವ ನೀರಿನಲ್ಲಿ. ಕೊನೆಯ ತಿಂಗಳಲ್ಲಿ ಕೂಸಿನ ತಲೆ ಮೂತ್ರಚೀಲವನ್ನು ಒತ್ತುತ್ತಿರುವುದರಿಂದ ಕೆಮ್ಮಿದರೂ ಸೀನಿದರೂ ಮೂತ್ರ ಹನಿಯುತ್ತದೆ. ಅದು ಯಾವುದು, ಇದು ಯಾವುದು ಎಂದು ತಿಳಿಯದೆ ನಾಚಿಕೆಯಿಂದ ಸುಮ್ಮನಿರುವ ಹುಡುಗಿಯರು ಬಹಳ.

ಮನೆಯಲ್ಲೇ ನೋಡಿಕೊಳ್ಳುವ ದಾರಿ ಸುಲಭ. ಮೂತ್ರ ಮಾಡಿ ಬಂದು, ಒಗೆದ ಒಣ ಬಿಳಿ ಬಟ್ಟೆಯನ್ನೋ ಪ್ಯಾಡನ್ನೋ ಇಟ್ಟುಕೊಂಡು ಅರ್ಧ ಗಂಟೆ ಮಗ್ಗುಲಾಗಿ ಮಲಗಬೇಕು. ಆಮೇಲೆ ಎದ್ದು ನಿಲ್ಲಬೇಕು. ನೀರುಚೀಲ ಒಡೆದಿದ್ದರೆ ಮಲಗಿದ್ದಾಗ ಒಳಗೆ ಕೂಡಿದ ನೀರು ನಿಂತೊಡನೆ ಇಳಿಯುತ್ತದೆ. ಬಿಗಿ ಹಿಡಿದರೂ ನಿಲ್ಲುವುದಿಲ್ಲ, ಮೂತ್ರದ ವಾಸನೆಯೂ ಇರುವುದಿಲ್ಲ. ಇಷ್ಟಾದರೂ ಅನುಮಾನ ಉಳಿದರೆ ಆಸ್ಪತ್ರೆಯಲ್ಲೇ ನೋಡಬೇಕು. ಮನೆಯಲ್ಲಿ ಯಾರೂ ಬೆರಳು ಹಾಕಿ ನೋಡಬಾರದು. ಮುಚ್ಚಿದ್ದ ಬಾಗಿಲು ತೆರೆದಿರುವ ಹೊತ್ತು ಅದು, ಒಂದೊಂದು ಸಲ ಮುಟ್ಟಿದಾಗಲೂ ಸೋಂಕು ಒಳಗೆ ಹೋಗುವ ಅವಕಾಶ ಹೆಚ್ಚುತ್ತದೆ.

ನೀರಿಗೆ ಕೇಳುವ ಪ್ರಶ್ನೆ ಎರಡು: ಎಷ್ಟು ಹೊತ್ತಿಗೆ ಹೋಯಿತು, ಬಣ್ಣ ಏನು? ತಿಳಿಯಾಗಿ, ಇಲ್ಲವೇ ತುಸು ಹಳದಿಯಾಗಿ, ಬಿಳಿ ಚೂರು ತೇಲಿದರೆ ಸರಿ. ಹಸಿರೋ ಕಂದೋ ಆಗಿದ್ದರೆ ಕೂಸು ಒಳಗೇ ಮಲ ಮಾಡಿದೆ ಎಂದರ್ಥ, ಅದು ಕೂಸಿನ ಉಸಿರಿಗೆ ತೊಂದರೆ ಕೊಡಬಹುದು. ಬಣ್ಣ ತಿಳಿಯಾಗಿದ್ದರೂ ನೋವಿಗಾಗಿ ಮನೆಯಲ್ಲಿ ಕಾಯಬಾರದು. ಗಂಟೆ ಹೆಚ್ಚಿದಷ್ಟೂ ಸೋಂಕಿನ ಭಯ ಹೆಚ್ಚುತ್ತದೆ. ಒಡೆದ ಹೊತ್ತನ್ನು ಕಾರ್ಡಿನ ಮೂಲೆಯಲ್ಲಿ ಬರೆದುಕೊಂಡು ಹೊರಡಬೇಕು, ಏಕೆಂದರೆ ಎಷ್ಟು ಕಾಯಬಹುದು, ನೋವು ಬರಿಸುವ ಡ್ರಿಪ್ ಯಾವಾಗ ಹಾಕಬೇಕು ಎಂದು ಡಾಕ್ಟರು ಲೆಕ್ಕ ಹಾಕುವುದು ಆ ಹೊತ್ತಿನಿಂದ.

ಅಪರೂಪಕ್ಕೆ ಒಂದು ದೊಡ್ಡ ಅಪಾಯವಿದೆ. ಕೂಸಿನ ತಲೆ ಇನ್ನೂ ಕೆಳಗಿಳಿದು ಕೂರದೆ ಇದ್ದಾಗ, ಇಲ್ಲವೇ ಕೂಸು ಅಡ್ಡ ಮಲಗಿದ್ದಾಗ, ಸುರಿಯುವ ನೀರಿನ ಜೊತೆ ಹೊಕ್ಕುಳಬಳ್ಳಿ ಜಾರಿ ಮುಂದೆ ಬಂದುಬಿಡುತ್ತದೆ. ಕೂಸಿನ ಭಾರಕ್ಕೆ ಬಳ್ಳಿ ಒತ್ತಿ ಹೋದರೆ ಕೂಸಿಗೆ ಹೋಗುವ ರಕ್ತ ನಿಲ್ಲುತ್ತದೆ. ಮೆತ್ತನೆಯ ಹಗ್ಗದಂಥದ್ದು ಕೈಗೆ ಸಿಕ್ಕರೆ ಒಳಗೆ ತಳ್ಳಬಾರದು. ತಾಯಿ ಮೊಣಕಾಲೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿರಬೇಕು. ಮನೆಯವರು 108ಕ್ಕೆ ಕರೆ ಮಾಡಿ ಬಳ್ಳಿ ಹೊರಗೆ ಬಂದಿದೆ ಎಂದೇ ಹೇಳಬೇಕು.

ಮೂರನೆಯದು ಬಿಗಿತ, ಜನ ನೋವು ಅನ್ನುವುದು ಇದನ್ನೇ. ಕೊನೆಯ ತಿಂಗಳುಗಳಲ್ಲಿ ಹೊಟ್ಟೆ ಆಗಾಗ ಕಲ್ಲಾಗಿ ಸಡಿಲವಾಗುವುದು ಎಲ್ಲರಿಗೂ ಇದ್ದದ್ದೇ. ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲೆಂಡಿನ ವೈದ್ಯರು 1872ರಲ್ಲಿ ಇದನ್ನು ವಿವರಿಸಿ ಬರೆದರು, ವೈದ್ಯಪುಸ್ತಕದಲ್ಲಿ ಅದಕ್ಕೆ ಅವರದೇ ಹೆಸರು. ನಮ್ಮವರು ಸುಳ್ಳು ನೋವು ಅನ್ನುತ್ತಾರೆ. ಅಜ್ಜಿಯರು ಬಿಸಿ ಜೀರಿಗೆ ಕಷಾಯ ಕುಡಿಸಿ ಕಾಯುತ್ತಾರೆ, ಸುಳ್ಳಾದರೆ ಇಳಿಯುತ್ತದೆ, ನಿಜವಾದರೆ ಏರುತ್ತದೆ ಎಂಬುದು ಅವರ ಲೆಕ್ಕ. ಮೈಯಲ್ಲಿ ನೀರು ಕಡಿಮೆಯಾದರೆ, ಮೂತ್ರಚೀಲ ತುಂಬಿದ್ದರೆ ಹುಸಿ ಬಿಗಿತ ಹೆಚ್ಚುತ್ತದೆ. ಕಷಾಯ ಕುಡಿದು, ಮೂತ್ರ ಮಾಡಿ, ಎಡ ಮಗ್ಗುಲಾಗಿ ಮಲಗಿದ ಅರ್ಧ ಗಂಟೆಯಲ್ಲಿ ಅದು ಇಳಿದುಬಿಡುತ್ತದೆ. ನಿಜದ ನೋವು ಮಲಗಿದರೂ ನಡೆದರೂ ತನ್ನ ದಾರಿ ಬಿಡುವುದಿಲ್ಲ.

ನಿಜದ ನೋವು ಹೆಚ್ಚಾಗಿ ಸೊಂಟದ ಹಿಂದಿನಿಂದ ಹೊರಟು ಕಿಬ್ಬೊಟ್ಟೆಗೆ ಸುತ್ತಿ ಬರುತ್ತದೆ. ಅದರ ಬಲ ತಿಳಿಯಲು ನಮಗೆ ತರಬೇತಿಯಲ್ಲಿ ಕಲಿಸಿದ್ದು ಅಂಗೈ ಇಟ್ಟು ನೋಡುವುದನ್ನು. ಬಿಗಿದಾಗ ಹೊಟ್ಟೆಯ ಮೇಲ್ಭಾಗ ಮೂಗಿನ ತುದಿಯಷ್ಟು ಗಟ್ಟಿಯಿದ್ದರೆ ಸಣ್ಣದು, ಗಲ್ಲದಷ್ಟಿದ್ದರೆ ಮಧ್ಯಮ, ಹಣೆಯಷ್ಟು ಗಟ್ಟಿಯಾಗಿ ಬೆರಳು ಒಳಗಿಳಿಯದಿದ್ದರೆ ಬಲವಾದದ್ದು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು, 2018ರಲ್ಲಿ ಪದ್ಮಶ್ರೀ ಪಡೆದವರು, ಹೊಟ್ಟೆಯ ಮೇಲೆ ಕೈಯಿಟ್ಟೇ ಕೂಸಿನ ತಲೆ ಎಲ್ಲಿದೆ ಎಂದು ಹೇಳುತ್ತಿದ್ದರು. ಅಷ್ಟು ಅನುಭವ ಎಲ್ಲರಿಗೂ ಬಾರದು. ಮೂಗು, ಗಲ್ಲ, ಹಣೆಯ ಲೆಕ್ಕ ಮಾತ್ರ ಯಾವ ಅತ್ತೆಗೂ ಅಮ್ಮನಿಗೂ ಹತ್ತು ನಿಮಿಷದಲ್ಲಿ ಬರುತ್ತದೆ.

ಜೊತೆಗೆ ಗಡಿಯಾರ ಬೇಕು. ಅಂತರವನ್ನು ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನದು ಶುರುವಾಗುವವರೆಗೆ ಎಣಿಸಬೇಕು. ಬಹಳ ಜನ ನೋವು ಮುಗಿದ ಮೇಲಿನಿಂದ ಎಣಿಸಿ ಲೆಕ್ಕ ತಪ್ಪುತ್ತಾರೆ. ನಮ್ಮ ಕೇರಿಯ ಚೊಚ್ಚಲ ಬಸುರಿಯೊಬ್ಬಳ ಲೆಕ್ಕ ಹೇಳುತ್ತೇನೆ. 38 ವಾರ ತುಂಬಿದ ಸೋಮವಾರ ಬೆಳಿಗ್ಗೆ ಅವಳಿಗೆ ಲೋಳೆ ಬಿತ್ತು. ನೆತ್ತರಿನ ಒಂದು ಎಳೆ ಬಿಟ್ಟರೆ ಕೆಂಪಿರಲಿಲ್ಲ. ಮನೆಯಲ್ಲೇ ಇದ್ದಳು. ಬುಧವಾರ ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಬಿಗಿಯತೊಡಗಿತು. ಅಂತರ 12 ನಿಮಿಷ, 20, 9, ಮತ್ತೆ 25. ಕಷಾಯ ಕುಡಿದು ಮಲಗಿದಳು, ಎರಡು ಗಂಟೆಯ ಹೊತ್ತಿಗೆ ಎಲ್ಲ ನಿಂತಿತು. ಗುರುವಾರ ಮಧ್ಯಾಹ್ನ ಮೂರರಿಂದ ಮತ್ತೆ ಶುರು. 10 ನಿಮಿಷ, 9, 8, ಒಂದೊಂದೂ 40 ಸೆಕೆಂಡು. ಆರು ಗಂಟೆಗೆ ಅಂತರ 6ಕ್ಕೆ ಇಳಿಯಿತು, ನೋವು 50 ಸೆಕೆಂಡಿಗೆ ಬೆಳೆಯಿತು. ನೋವು ಬಂದಾಗ ಅವಳಿಗೆ ಮಾತು ನಿಂತುಹೋಗುತ್ತಿತ್ತು. ಅಂಗೈಗೆ ಹಣೆಯ ಗಟ್ಟಿ ಸಿಕ್ಕಿತು.

ಐದೈದು ನಿಮಿಷಕ್ಕೊಂದು, ಒಂದು ನಿಮಿಷ ಇರುವಂಥದ್ದು, ಹೀಗೆ ಒಂದು ಗಂಟೆ ನಡೆದರೆ ಹೊರಡಿ ಎಂದು ಪೇಟೆಯ ಆಸ್ಪತ್ರೆಗಳಲ್ಲಿ ಚೊಚ್ಚಲದವರಿಗೆ ಹೇಳುತ್ತಾರೆ. ಆಸ್ಪತ್ರೆ ಹತ್ತು ನಿಮಿಷದ ದಾರಿಯಾದರೆ ಅದು ಸರಿ. ಇವಳ ಮನೆಯಿಂದ ತಾಲೂಕು ಆಸ್ಪತ್ರೆಗೆ ಐವತ್ತು ನಿಮಿಷ, ಮಳೆಗಾಲ ಬೇರೆ. ಆಂಬುಲೆನ್ಸ್ ಬರುವ ಹೊತ್ತು, ದಾರಿಯ ಹೊತ್ತು ಎರಡನ್ನೂ ಕಳೆದು 6 ನಿಮಿಷದ ಅಂತರದಲ್ಲೇ 108ಕ್ಕೆ ಹೇಳಿದೆವು. ಆಸ್ಪತ್ರೆ ಸೇರಿದಾಗ ಗರ್ಭದ ಕೊರಳು 4 ಸೆಂಟಿಮೀಟರ್ ತೆರೆದಿತ್ತು. ಚುರುಕಿನ ಹಂತ 5 ಸೆಂಟಿಮೀಟರಿನಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಪೇಟೆಯವಳಾಗಿದ್ದರೆ ಇನ್ನೂ ಸ್ವಲ್ಪ ಹೊತ್ತು ಮನೆಯಲ್ಲಿರು ಅನ್ನುತ್ತಿದ್ದರೇನೋ, ದೂರ ಕೇಳಿ ಉಳಿಸಿಕೊಂಡರು. ರಾತ್ರಿ ಹನ್ನೊಂದಕ್ಕೆ ನೀರು ತಾನಾಗಿ ಹೋಯಿತು, ತಿಳಿಯಾಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಹೆಣ್ಣುಮಗು.

ಎರಡು ವರ್ಷದ ಮೇಲೆ ಅವಳು ಮತ್ತೆ ಬಸುರಿಯಾದಾಗ "ಈ ಸಲಾನೂ ಆರು ನಿಮಿಷಕ್ಕೆ ಬರುವವರೆಗೆ ಕಾಯ್ಲಾ ಅಕ್ಕಾ?" ಎಂದು ಕೇಳಿದಳು. ಬೇಡ ಎಂದೆ. ಒಮ್ಮೆ ತೆರೆದ ಕೊರಳು ಎರಡನೇ ಸಲ ಬೇಗ ತೆರೆಯುತ್ತದೆ. ಮೊದಲ ಸಲ ಹದಿಮೂರೂವರೆ ಗಂಟೆ ಹಿಡಿದದ್ದು ಈ ಸಲ ಅದರ ಅರ್ಧದಲ್ಲಿ ಮುಗಿದೀತು. ಐವತ್ತು ನಿಮಿಷದ ದಾರಿಯವಳು ನೋವು ಕ್ರಮ ಹಿಡಿದ ಕೂಡಲೇ, ಅಂತರ ಹತ್ತು ನಿಮಿಷವಿದ್ದರೂ, ಕಾಗದಗಳ ಚೀಲ ಎತ್ತಿಕೊಂಡು ಹೊರಡಬೇಕು ಎಂದು ಹೇಳಿ, ಅದನ್ನೇ ಅವಳ ಕಾರ್ಡಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ.