ಕಾಕಾನ ರಿಮೈಂಡರು

ನಮ್ಮ ಸಂಘದ ಪತ್ರಿಕೆಯ ಕರಡು ತಿದ್ದುವ ಕೆಲಸ ಎರಡು ವರ್ಷದಿಂದ ನನ್ನ ಕೊರಳಿಗೆ ಬಿದ್ದಿದೆ. ಶಕಾರ, ಷಕಾರಗಳ ಲೆಕ್ಕ ಇಟ್ಟುಕೊಂಡು ತಿರುಗುವವನೆಂದು ಗೆಳೆಯರು ಚೇಷ್ಟೆ ಮಾಡುತ್ತಾರೆ. ಈ ಖ್ಯಾತಿ ಡೊಂಬಿವಲಿಯ ನಮ್ಮ ಮನೆಯವರೆಗೂ ಹೋಗಿ ಮುಟ್ಟಿದ್ದರಿಂದಲೇ ಮಾರ್ಚ್ 17ರ ಸಂಜೆ ಕಾಕಾ ಒಂದು ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ತಮ್ಮಾ, ಇದರಾಗ ತಪ್ಪಿದ್ದರ ತಿದ್ದಿ, ಟೈಪ್ ಮಾಡಿ ರಾಯರಿಗೆ ಇಮೇಲ್ ಹಾಕಿಬಿಡು. ನನ್ನ ಕನ್ನಡಕ್ಕ ಮೂವತ್ತು ವರ್ಷದ ಜಂಗು ಹಿಡದದ."

ರಾಯರು ಕಾಕಾನ ಕಂಪನಿಯ ಹುಬ್ಬಳ್ಳಿ ಶಾಖೆಯಲ್ಲಿ ಲೆಕ್ಕಪತ್ರ ನೋಡುವವರು. ಅದಕ್ಕೂ ಮೊದಲು ಇಲ್ಲೇ ಮುಂಬಯಿಯಲ್ಲಿ ಹನ್ನೊಂದು ವರ್ಷ ಕಾಕಾನ ಪಕ್ಕದ ಮೇಜಿನಲ್ಲಿ ಕೂತಿದ್ದರು. ಆಫೀಸಿನ ಕಾಗದವೆಲ್ಲ ಇಂಗ್ಲಿಷಿನಲ್ಲಿ ನಡೆದರೂ ಇವರಿಬ್ಬರ ನಡುವಿನದು ಮಾತ್ರ ಕನ್ನಡ. ಕಾಕಾ ಅದೇ 31ಕ್ಕೆ ನಿವೃತ್ತರಾಗುವವರಿದ್ದರು. ಎರಡು ಶಾಖೆಗಳ ಪುಸ್ತಕಗಳ ನಡುವೆ ಒಂದು ಚಿಕ್ಕ ಮೊತ್ತ ತಾಳೆಯಾಗದೆ ಉಳಿದಿತ್ತು. ಅದನ್ನು ಹಾಗೇ ಬಿಟ್ಟು ಕುರ್ಚಿಯಿಂದ ಏಳುವುದು ಅವರಿಗೆ ಬೇಡವಾಗಿತ್ತು. 3ನೇ ತಾರೀಖಿಗೆ ಒಂದು ಪತ್ರ ಹೋಗಿತ್ತು. ಉತ್ತರ ಇರಲಿಲ್ಲ. ಈಗಿನದು ರಿಮೈಂಡರು. ಹಾಳೆಯಲ್ಲಿದ್ದದ್ದು ಹೀಗೆ:

"ರಾಯರಿಗೆ ನಮಸ್ಕಾರ. ತಾವು ಆರಾಮ ಇದ್ದೀರಿ ಅಂತ ತಿಳಿದಿದ್ದೇನೆ. ವಿಷೇಶ ಏನಂದರೆ 3ನೇ ತಾರೀಖಿಗೆ ನಿಮಗೆ ಒಂದು ಪತ್ರ ಬರೆದಿದ್ದೆ ಉತ್ತರ ಬಂದಿಲ್ಲ ವರ್ಷದ ಕೊನೆಯ ಗಡಿಬಿಡಿಯಲ್ಲಿ ಉಳಿದಿರಬೇಕು. ನಮ್ಮ ನಿಮ್ಮ ಪುಸ್ತಕದಾಗ 4,350 ರೂಪಾಯಿ ಫರಕು ಬರುತ್ತದೆ ಅದರ ಡೆಬಿಟ್ ನೋಟಿನ ನಕಲು ಸ್ವಲ್ಪ ನೋಡಿ 25ರ ಒಳಗೆ ಕಳಿಸಿದರೆ ಉಪಕಾರ ಆಗುತ್ತದೆ ಯಾಕಂದರೆ 28ಕ್ಕೆ ಆಡಿಟಿನವರು ಬರುತ್ತಾರೆ. ದನ್ಯವಾದ."

ನನ್ನ ಕೆಂಪು ಪೆನ್ನಿಗೆ ಹಬ್ಬವಾಯಿತು. ಹತ್ತು ನಿಮಿಷದಲ್ಲಿ ತಿದ್ದಿ ಓದಿ ತೋರಿಸಿದೆ:

"ಮಾನ್ಯರೇ, ನಾನು 3ನೇ ತಾರೀಖಿಗೆ ಪತ್ರ ಬರೆದಿದ್ದರೂ ತಾವು ಇನ್ನೂ ಉತ್ತರ ಕಳಿಸಿಲ್ಲ. ನಮ್ಮ ಹಾಗೂ ತಮ್ಮ ಪುಸ್ತಕಗಳಲ್ಲಿ 4,350 ರೂಪಾಯಿಗಳ ವ್ಯತ್ಯಾಸವಿದೆ. 28ಕ್ಕೆ ಲೆಕ್ಕಪರಿಶೋಧಕರು ಬರಲಿದ್ದಾರೆ. ಆದ್ದರಿಂದ ತಾವು ಡೆಬಿಟ್ ನೋಟಿನ ನಕಲನ್ನು 25ರೊಳಗೆ ಕಳಿಸಬೇಕು. ಧನ್ಯವಾದಗಳು."

ಕಾಕಾ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇದನ್ನ ಯಾರು ಬರದದ್ದೋ? ನಾನಂತೂ ಅಲ್ಲ. ಓದಿದರ ರಾಯರಿಗೆ ಕೋರ್ಟಿನ ನೋಟೀಸು ಬಂದಂಗ ಆಗ್ತದ."

ನನಗೆ ಸಿಟ್ಟು ಬಂತು. ಒಂದು ಕಟುಶಬ್ದವನ್ನೂ ನಾನು ಸೇರಿಸಿರಲಿಲ್ಲವಲ್ಲ! ಎರಡು ಹಾಳೆಗಳನ್ನೂ ಪಕ್ಕಪಕ್ಕಕ್ಕಿಟ್ಟು ಕೂತೆ. ಎಲ್ಲಿ ಕೆಟ್ಟಿತು ಎನ್ನುವುದು ನಿಧಾನವಾಗಿ ಕಾಣತೊಡಗಿತು.

'ಬರೆದಿದ್ದೆ ಉತ್ತರ ಬಂದಿಲ್ಲ' ಎಂಬಲ್ಲಿ ಎರಡು ವಾಕ್ಯ ಅಂಟಿಕೊಂಡಿದ್ದವು. ಅದು ತಪ್ಪು ಹೌದು. ಆದರೆ ಬಿಡಿಸುವ ಬದಲು ನಾನು ನಡುವೆ 'ದರೂ' ಹಾಕಿ ಜೋಡಿಸಿದ್ದೆ. ಈ 'ದರೂ' ಬರಿಯ ಗಂಟಲ್ಲ, ದೂರು. 'ನಾನು ನನ್ನ ಕೆಲಸ ಮಾಡಿದೆ, ನೀನು ಮಾಡಲಿಲ್ಲ' ಎಂದು ಅದು ಹೇಳುತ್ತದೆ. ಅದರ ಬೆನ್ನಿಗೆ 'ಇನ್ನೂ' ಸೇರಿತು. ಕಾಕಾನ ವಾಕ್ಯದಲ್ಲಿ ಬಾರದೆ ಇದ್ದದ್ದು ಉತ್ತರ. ನನ್ನ ವಾಕ್ಯದಲ್ಲಿ ಕಳಿಸದೆ ಇದ್ದವರು ರಾಯರು. ವ್ಯಾಕರಣದಲ್ಲಿ ಕರ್ತೃ ಬದಲಾಗಿದ್ದಷ್ಟೇ, ಆದರೆ ಕಟಕಟೆಯಲ್ಲಿ ಮನುಷ್ಯನನ್ನು ತಂದು ನಿಲ್ಲಿಸಿದಂತಾಗಿತ್ತು. ಇಲ್ಲಿ ಬೇಕಾಗಿದ್ದದ್ದು ಒಂದೇ ಒಂದು ಅಲ್ಪವಿರಾಮ: 'ಬರೆದಿದ್ದೆ, ಉತ್ತರ ಬಂದಿಲ್ಲ.'

'ಗಡಿಬಿಡಿಯಲ್ಲಿ ಉಳಿದಿರಬೇಕು' ಎಂಬುದನ್ನು ವ್ಯರ್ಥವೆಂದು ಹೊಡೆದುಹಾಕಿದ್ದೆ. ವಿಷಯದ ದೃಷ್ಟಿಯಿಂದ ವ್ಯರ್ಥವೇ. ಆದರೆ ಉತ್ತರ ಬರೆಯದವನಿಗೆ ನೆಪವೊಂದನ್ನು ನಾವೇ ಎತ್ತಿ ಕೊಟ್ಟರೆ ಅವನು ಸಂಕೋಚವಿಲ್ಲದೆ ಒಳಗೆ ಬರಬಹುದು. ನಾನು ಆ ಬಾಗಿಲನ್ನೇ ಮುಚ್ಚಿದ್ದೆ. ಹಾಗೆಯೇ 'ಸ್ವಲ್ಪ ನೋಡಿ ಕಳಿಸಿದರೆ' ಎಂಬುದು ಆಡುಮಾತೆಂದು 'ಕಳಿಸಬೇಕು' ಮಾಡಿದ್ದೆ. 'ಬೇಕು' ಬಂದಲ್ಲಿ ಉಪಕಾರ ಹೋಗಿ ಹುಕುಂ ಬಂತು.

ಇನ್ನು 'ತಾವು', 'ನಿಮಗೆ' ಬೆರೆತದ್ದು. ಒಂದೇ ಪತ್ರದಲ್ಲಿ ಎರಡೂ ಇರಬಾರದೆಂದು ಎಲ್ಲವನ್ನೂ 'ತಾವು' ಮಾಡಿದ್ದೆ. ಇದರಲ್ಲಿ ಮರ್ಯಾದೆ ಹೆಚ್ಚಿತೆಂದೇ ನಾನು ತಿಳಿದಿದ್ದು. ಕಾಕಾ ನಕ್ಕರು. "ನಾವಿಬ್ಬರೂ 'ನೀವು' ಅಂತ ಮಾತಾಡೋರು. ತಾವು ಅಂತ ಶುರು ಮಾಡೋದು ಕಾಗದದ ರೂಢಿ, ಅಷ್ಟ. ಪೂರಾ ತಾವು ತಾವು ಅಂದರ ಮುನಿಸಿಕೊಂಡೀನಿ ಅಂತನ ತಿಳೀತಾರ." ಒಂದೇ ಸಮ ಮಾಡುವುದಿದ್ದರೆ 'ನೀವು' ಕಡೆಗೆ ತಿರುಗಿಸಬೇಕಿತ್ತು. ಯಾವುದು ಶುದ್ಧ ಎಂಬುದನ್ನು ಪುಸ್ತಕ ಹೇಳೀತು. ಯಾವ ಕಡೆಗೆ ಶುದ್ಧ ಮಾಡಬೇಕೆಂಬುದನ್ನು ಬರೆದವರನ್ನೇ ಕೇಳಬೇಕು. (ನಮ್ಮ ಪತ್ರಿಕೆಗೆ ಲೇಖನ ಕೊಟ್ಟು ಆಮೇಲೆ ನನ್ನೊಡನೆ ಮಾತು ಬಿಟ್ಟವರಿಬ್ಬರು ಆಗ ನೆನಪಾದರು.)

'ವಿಷೇಶ'ವನ್ನು 'ವಿಶೇಷ' ಮಾಡಿದ್ದಕ್ಕೆ, 'ದನ್ಯವಾದ'ಕ್ಕೆ ಮಹಾಪ್ರಾಣ ಕೊಟ್ಟದ್ದಕ್ಕೆ, 'ಪುಸ್ತಕದಾಗ' ಇದ್ದದ್ದು 'ಪುಸ್ತಕದಲ್ಲಿ' ಆದದ್ದಕ್ಕೆ ಕಾಕಾನ ತಕರಾರು ಇರಲಿಲ್ಲ. ಅಕ್ಷರದ ತಪ್ಪು ತಿದ್ದಿದರೆ ದನಿ ಏರುವುದಿಲ್ಲ. ಅಪಾಯ ಇರುವುದು ವಾಕ್ಯವನ್ನು ಮುಟ್ಟುವಲ್ಲಿ.

ಇಷ್ಟಾದ ಮೇಲೆ ಕರಡು ತಿದ್ದುವವನ ಚಾಳಿಯಂತೆ ತಾರೀಖು ತಾಳೆ ನೋಡಲು ಮೊದಲನೆಯ ಪತ್ರ ಕೇಳಿದೆ. ಅದನ್ನು ಕಾಕಾ ತಾವೇ ಟೈಪ್ ಮಾಡಿ ಕಳಿಸಿದ್ದರು. ಮೊಬೈಲಿನಲ್ಲಿ ಹುಡುಕಿ ಕೊಟ್ಟರು. ತಾರೀಖು ಸರಿಯಾಗಿತ್ತು. ಮೊತ್ತ ಮಾತ್ರ 3,450 ಎಂದಿತ್ತು.

"ಕಾಕಾ, ಇಲ್ಲಿ ಬ್ಯಾರೆ ಅದ."

ಅವರು ಮೊಬೈಲು ಕಸಿದುಕೊಂಡರು. ಬ್ಯಾಗಿನಿಂದ ತಮ್ಮ ಲೆಕ್ಕದ ಹಾಳೆ ತೆಗೆದರು. ಅದರಲ್ಲಿದ್ದದ್ದು 4,350. ಒಂದು ಗಳಿಗೆ ಸುಮ್ಮನಿದ್ದು ಅಂದರು: "ಒಂಬೈನೂರು ಫರಕು. ಒಂಬತ್ತರಿಂದ ಭಾಗ ಹೋಗ್ತದ ನೋಡು."

ಲೆಕ್ಕದವರಿಗೆಲ್ಲ ಇದು ಗೊತ್ತಂತೆ. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗೆ ಭಾಗವಾದದ್ದೆಲ್ಲ ಅದಲುಬದಲೇ ಆಗಿರಬೇಕೆಂದಿಲ್ಲ, ಆದರೆ ಹುಡುಕುವುದನ್ನು ಅಲ್ಲಿಂದ ಶುರು ಮಾಡುತ್ತಾರೆ. ಇಲ್ಲಿಯೂ ನಾಲ್ಕು ಮೂರು ಜಾಗ ಬದಲಿಸಿಕೊಂಡಿದ್ದವು. ಅಂದರೆ ಎರಡು ವಾರದಿಂದ ರಾಯರ ಕೈಯಲ್ಲಿದ್ದದ್ದು ಇಲ್ಲದ ಮೊತ್ತದ ನೋಟು ಕೇಳುವ ಪತ್ರ! 'ಬರೆದಿದ್ದರೂ ತಾವು ಇನ್ನೂ' ಎಂಬ ನನ್ನ ಶುದ್ಧ ವಾಕ್ಯ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನಾಚಿಕೆಯಾಯಿತು.

ಕೊನೆಗೆ ಹೋದ ಪತ್ರ ಇದು:

"ರಾಯರಿಗೆ ನಮಸ್ಕಾರ. ನೀವು ಆರಾಮ ಇದ್ದೀರಿ ಅಂತ ತಿಳಿದಿದ್ದೇನೆ. ವಿಶೇಷ ಏನಂದರೆ, 3ನೇ ತಾರೀಖಿಗೆ ನಿಮಗೆ ಒಂದು ಪತ್ರ ಬರೆದಿದ್ದೆ, ಉತ್ತರ ಬಂದಿಲ್ಲ. ಈಗ ತೆಗೆದು ನೋಡಿದರೆ ಅದರಲ್ಲಿ ನಾನೇ ಮೊತ್ತ ತಪ್ಪಾಗಿ ಬರೆದಿದ್ದೇನೆ. 3,450 ಅಲ್ಲ, 4,350 ರೂಪಾಯಿ. ನಿಮಗೆ ತೊಂದರೆ ಆಗಿರಬೇಕು, ಕ್ಷಮಿಸಿ. ಅದರ ಡೆಬಿಟ್ ನೋಟಿನ ನಕಲು ಸ್ವಲ್ಪ ನೋಡಿ 25ರ ಒಳಗೆ ಕಳಿಸಿದರೆ ಉಪಕಾರ ಆಗುತ್ತದೆ, ಯಾಕಂದರೆ 28ಕ್ಕೆ ಆಡಿಟಿನವರು ಬರುತ್ತಾರೆ. ಧನ್ಯವಾದ."

'ಗಡಿಬಿಡಿ'ಯ ನೆಪವನ್ನು ಈ ಸಲ ಕಾಕಾ ತಾವೇ ತೆಗೆಸಿದರು. ತಪ್ಪು ನಮ್ಮದಿರುವಾಗ ಅವರಿಗೇಕೆ ನೆಪ ಹುಡುಕಿ ಕೊಡುವುದು ಎಂದು.

ಮರುದಿನ ಮಧ್ಯಾಹ್ನ ಉತ್ತರ ಬಂತು, ನೋಟಿನ ನಕಲಿನ ಜೊತೆಗೆ. ಎರಡು ವರ್ಷದ ಫೈಲು ತಡಕಾಡಿದರೂ 3,450ರ ನೋಟು ಸಿಗಲಿಲ್ಲ, ನನ್ನ ಕೈಯಿಂದಲೇ ಕಳೆಯಿತೇನೋ ಎಂದು ಹೇಳಲಾರದೆ ಕೂತಿದ್ದೆ ಎಂದು ರಾಯರು ಬರೆದಿದ್ದರು. ಕಾಕಾ ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. 'ತಾವು' ಎಂದು ಶುರುವಾಗಿ ಮೂರನೇ ಸಾಲಿಗೆ 'ನೀವು' ಆಗಿತ್ತು. 'ವಿಷೇಶ' ಅಲ್ಲಿಯೂ ಇತ್ತು.