ಮೊದಲು ಮುಟ್ಟಿದವರು ಯಾರು?

ಲೈವ್ ಕ್ವಿಜ್ ಆ್ಯಪ್ ಒಂದರ ಲೀಡರ್‌ಬೋರ್ಡ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ ಇದರಲ್ಲೇನು ಮಹಾ ಎಂದುಕೊಂಡಿದ್ದೆ. ಐವತ್ತು ಪ್ರಶ್ನೆ, ಸರಿ ಉತ್ತರಕ್ಕೆ 10,000 ಅಂಕ. ಸಂಖ್ಯೆ ದೊಡ್ಡದಾಗಿ ಕಂಡರೆ ಆಡುವವರಿಗೆ ಹುರುಪು ಬರುತ್ತದೆ ಎನ್ನುವುದು ಮಾರ್ಕೆಟಿಂಗಿನವರ ಲೆಕ್ಕ. ಎಲ್ಲರ ಅಂಕವೂ ಹತ್ತು ಸಾವಿರದ ಗುಣಕವೇ ಆಗುವುದರಿಂದ ಹೆಜ್ಜೆಹೆಜ್ಜೆಗೂ ಟೈ. ಅದಕ್ಕೆ ನಿಯಮವೂ ಸರಳ: ಸಮಾನ ಅಂಕವಿದ್ದರೆ, ಆ ಅಂಕವನ್ನು ಮೊದಲು ಮುಟ್ಟಿದವರು ಮೇಲೆ.

ಪಟ್ಟಿಯನ್ನು ರೆಡಿಸ್‌ನ ಸಾರ್ಟೆಡ್ ಸೆಟ್‌ನಲ್ಲಿಟ್ಟೆ. ಪ್ರತಿ ಆಟಗಾರನ ಹೆಸರಿಗೆ ಒಂದು ಸಂಖ್ಯೆ ಕೊಟ್ಟರೆ ಸಾಕು, ಅದು ಸದಾ ಕ್ರಮವಾಗಿ ಜೋಡಿಸಿಯೇ ಇಟ್ಟಿರುತ್ತದೆ. ಒಬ್ಬರ ಅಂಕ ಬದಲಾದರೆ ಅವರೊಬ್ಬರ ಜಾಗ ಮಾತ್ರ ಬದಲಾಗುತ್ತದೆ, ಇಡೀ ಪಟ್ಟಿಯನ್ನು ಮತ್ತೆ ಸಾರ್ಟ್ ಮಾಡುವ ಪ್ರಮೇಯವಿಲ್ಲ. ಲಕ್ಷ ಜನರಿದ್ದರೂ `ZREVRANK` ಕ್ಷಣದಲ್ಲಿ ರ‍್ಯಾಂಕ್ ಹೇಳುತ್ತದೆ. ಆದರೆ ಇಬ್ಬರ ಸಂಖ್ಯೆ ಒಂದೇ ಆದರೆ ರೆಡಿಸ್ ಸಮಯ ನೋಡುವುದಿಲ್ಲ, ಹೆಸರಿನ ಅಕ್ಷರಕ್ರಮ ನೋಡುತ್ತದೆ. ದೊಡ್ಡದರಿಂದ ಚಿಕ್ಕದಕ್ಕೆ ಓದುವಾಗ ಆ ಕ್ರಮವೂ ತಿರುಗುವುದರಿಂದ `vinay_k` ಮೇಲೆ, `asha_r` ಕೆಳಗೆ.

ಇಷ್ಟು ನನಗೆ ಗೊತ್ತಿತ್ತು. ಹಾಗಾಗಿ ಸಮಯವನ್ನೂ ಸಂಖ್ಯೆಯೊಳಗೇ ಸೇರಿಸಿದೆ. ಅಂಕವನ್ನು 10ರ 13ನೇ ಘಾತದಿಂದ ಗುಣಿಸುವುದು, ಅದೇ 10ರ 13ನೇ ಘಾತದಿಂದ ಈಗಿನ ಸಮಯವನ್ನು ಮಿಲಿಸೆಕೆಂಡಿನಲ್ಲಿ ಕಳೆದು ಉಳಿದದ್ದನ್ನು ಕೂಡಿಸುವುದು. ಬೇಗ ಬಂದವರಿಗೆ ದೊಡ್ಡ ಶೇಷ ಉಳಿಯುತ್ತದೆ, ಅವರು ಮೇಲೆ ಕೂರುತ್ತಾರೆ. ಮೊದಲ ಉತ್ತರಕ್ಕೆ `ZADD`, ಮುಂದಿನ ಪ್ರತಿ ಸರಿ ಉತ್ತರಕ್ಕೆ `ZINCRBY`. ಟೆಸ್ಟ್‌ನಲ್ಲಿ ಇಬ್ಬರು ಆಟಗಾರರಿಗೆ ಹತ್ತು ಹತ್ತು ಅಂಕ ಕೊಟ್ಟು ನೋಡಿದೆ. ಸರಿಯಾಗಿತ್ತು. ಕೋಡ್ ನೋಡಿದ ಸಹೋದ್ಯೋಗಿ, "ಅಂಕ ದೊಡ್ಡದಾದಾಗ?" ಎಂದು ಕೇಳಿದ್ದರು. "ಅದೂ ಸಂಖ್ಯೆಯೇ ಅಲ್ವಾ ಸಾರ್" ಎಂದು ಹೇಳಿ ಮುಂದೆ ಹೋಗಿದ್ದೆ.

ಬಹುಮಾನದ ಆಟ ಮುಗಿದ ಮೇಲೆ ದೂರುಗಳು ಶುರುವಾದವು. ತಾನು ಮೊದಲು ಉತ್ತರಿಸಿದ್ದಾಗಿ ಸ್ಕ್ರೀನ್‌ಶಾಟ್ ಸಮೇತ ಹೇಳಿದವರಿಗೆ ನೆಟ್‌ವರ್ಕ್ ನಿಧಾನವಿರಬಹುದು ಎಂದು ಉತ್ತರ ಹೋಯಿತು. ಆ ಉತ್ತರದ ಒಕ್ಕಣೆಯೂ ನನ್ನದೇ. ಕೊನೆಗೆ ಪಟ್ಟಿಯನ್ನು ತೆಗೆದು ಮೇಲಿನಿಂದ ಕೆಳಗೆ ಬರೀ ಹೆಸರುಗಳನ್ನು ಓದಿದಾಗ ವಿಷಯ ಎದ್ದು ಕಂಡಿತು. ಐದು ಲಕ್ಷ ತಲುಪಿದವರು ಗುಂಪುಗುಂಪಾಗಿದ್ದರು, ಪ್ರತಿ ಗುಂಪಿನೊಳಗೂ ಹೆಸರುಗಳು z ಕಡೆಯಿಂದ a ಕಡೆಗೆ ಇಳಿದಿದ್ದವು. ನಿಜವಾದ ಸಮಯ ಹಾಗೆ ಅಕ್ಷರಮಾಲೆ ಹಿಡಿದು ನಡೆಯುವುದಿಲ್ಲ.

ಸಾರ್ಟೆಡ್ ಸೆಟ್‌ನ ಸಂಖ್ಯೆ 64 ಬಿಟ್‌ನ ಡಬಲ್. ಅದರಲ್ಲಿ ಪೂರ್ಣಾಂಕಗಳು ಒಂದೂ ತಪ್ಪದೆ ಕೂರುವುದು 2ರ 53ನೇ ಘಾತದವರೆಗೆ ಮಾತ್ರ, ಅಂದರೆ 9,007,199,254,740,992ರವರೆಗೆ. ನನ್ನ ಗುಣಾಕಾರದಲ್ಲಿ ಅಂಕ ಸುಮಾರು 900 ದಾಟಿದರೆ ಆ ಗಡಿ ಮುಗಿಯಿತು. ಟೆಸ್ಟ್‌ನ ಹತ್ತು ಅಂಕಕ್ಕೆ ತೊಂದರೆ ಕಾಣದಿದ್ದದ್ದು ಅದಕ್ಕೇ. ಐದು ಲಕ್ಷಕ್ಕೆ ಬರುವುದು 19 ಅಂಕಿಗಳ ಸಂಖ್ಯೆ. ಅಷ್ಟು ಎತ್ತರದಲ್ಲಿ ಡಬಲ್‌ಗೆ ಒಂದು ಸಂಖ್ಯೆಯಿಂದ ಮುಂದಿನದಕ್ಕೆ 1024ರ ಅಂತರ. ನಡುವಿನದೆಲ್ಲ ಹತ್ತಿರದ ಮೆಟ್ಟಿಲಿಗೆ ಸರಿದುಬಿಡುತ್ತದೆ. ಮಿಲಿಸೆಕೆಂಡಿನ ಲೆಕ್ಕದಲ್ಲಿ ಅದು ಒಂದು ಸೆಕೆಂಡಿಗೂ ಚೂರು ಹೆಚ್ಚು. ಲೈವ್ ಕ್ವಿಜ್‌ನಲ್ಲಿ ಒಂದು ಸೆಕೆಂಡ್ ಎಂದರೆ ದೊಡ್ಡ ಜಾತ್ರೆ. ಅದರೊಳಗೆ ಬಂದವರೆಲ್ಲ ಒಂದೇ ಸಂಖ್ಯೆಯಾಗಿ, ಮತ್ತೆ ಹೆಸರಿನ ಪಾಲಾಗಿದ್ದರು. ರೆಡಿಸ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದರ ಕಡೆಯಿಂದ ಇದು ತಪ್ಪೇ ಅಲ್ಲ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಆದರೆ ಗುಂಪುಗಳ ಕ್ರಮವನ್ನು ಲಾಗ್ ಜೊತೆ ಇಟ್ಟು ನೋಡಿದರೆ ಅದೂ ತಾಳೆಯಾಗಲಿಲ್ಲ. ಆಶಾ ಮೊದಲ ಪ್ರಶ್ನೆಗೆ ಹತ್ತನೇ ಸೆಕೆಂಡಿಗೆ ಉತ್ತರಿಸಿದಳು, ವಿನಯ್ ಹನ್ನೆರಡನೆಯದಕ್ಕೆ ಎಂದಿಟ್ಟುಕೊಳ್ಳಿ. ಎರಡನೆಯ ಸರಿ ಉತ್ತರ ವಿನಯ್‌ಗೆ ಮೂರನೇ ಪ್ರಶ್ನೆಯಲ್ಲಿ ಸಿಕ್ಕಿತು, ಆಶಾಗೆ ಒಂಬತ್ತನೆಯದರಲ್ಲಿ. 20,000ವನ್ನು ಮೊದಲು ಮುಟ್ಟಿದವನು ವಿನಯ್. ಪಟ್ಟಿಯಲ್ಲಿ ಮೇಲಿದ್ದವಳು ಆಶಾ. `ZINCRBY` ಇದ್ದ ಸಂಖ್ಯೆಗೆ ಕೂಡಿಸುತ್ತದೆ ಅಷ್ಟೇ; ಬಾಲದಲ್ಲಿದ್ದ ಸಮಯ ಮೊದಲ ಉತ್ತರದ್ದಾಗಿಯೇ ಉಳಿಯುತ್ತದೆ. ಅಂದರೆ ಆಟದುದ್ದಕ್ಕೂ ಟೈ ಬಿಡಿಸುತ್ತಿದ್ದದ್ದು ಮೊದಲ ಉತ್ತರದ ಸಮಯವೊಂದೇ. ಟೆಸ್ಟ್‌ನಲ್ಲಿ ಒಬ್ಬೊಬ್ಬರಿಗೂ ಒಂದೇ ಸಲ ಅಂಕ ಕೊಟ್ಟಿದ್ದರಿಂದ ಇದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿಖರತೆಯ ದೋಷಕ್ಕಿಂತ ನನಗೆ ನಾಚಿಕೆ ತಂದದ್ದು ಇದು. ಅದು ಡಬಲ್‌ನ ಮಿತಿ, ಇದು ನಿಯಮವನ್ನೇ ಅರ್ಥ ಮಾಡಿಕೊಳ್ಳದೆ ಬರೆದದ್ದು.

ಬದಲಾಯಿಸುವಾಗ ಗಡಿಯಾರವನ್ನೇ ಕೈಬಿಟ್ಟೆ. ನಮಗೆ ಬೇಕಾದದ್ದು ಯಾರು ಮೊದಲು ಎಂಬುದು, ಎಷ್ಟು ಗಂಟೆಗೆ ಎಂಬುದಲ್ಲ. ಅಂಕ ಬದಲಾದಾಗಲೆಲ್ಲ ಒಂದು ಕ್ರಮಸಂಖ್ಯೆ ಕೊಟ್ಟರೆ ಎರಡು ಸರ್ವರ್‌ಗಳ ಗಡಿಯಾರ ಹೊಂದಿಸುವ ಗೋಜಿಲ್ಲ, ಒಂದೇ ಮಿಲಿಸೆಕೆಂಡಿನ ಜಗಳವೂ ಇಲ್ಲ. ಓದುವುದು, ಕೂಡುವುದು, ಬರೆಯುವುದು ಮೂರೂ ಒಂದೇ ಉಸಿರಿನಲ್ಲಿ ನಡೆಯಬೇಕಾದ್ದರಿಂದ ರೆಡಿಸ್‌ನೊಳಗೇ ಓಡುವ ಲುವಾ ಸ್ಕ್ರಿಪ್ಟ್ ಬರೆದೆ:

```lua
local add = tonumber(ARGV[2])
if add == 0 then return end
local s = redis.call('ZSCORE', KEYS[1], ARGV[1])
local old = s and math.floor(tonumber(s) / 1e9) or 0
local seq = redis.call('INCR', KEYS[2])
local v = (old + add) * 1e9 + (999999999 - seq)
redis.call('ZADD', KEYS[1], string.format('%.0f', v), ARGV[1])
```

ಒಂದು ಆಟಕ್ಕೆ ನೂರು ಕೋಟಿಯ ಹತ್ತಿರ ಕ್ರಮಸಂಖ್ಯೆಗಳು, ಅಂಕಕ್ಕೆ 90 ಲಕ್ಷದವರೆಗೆ ಜಾಗ. ಎರಡೂ 53 ಬಿಟ್‌ನೊಳಗೇ ಹಿಡಿಯುತ್ತವೆ. ಹೊಸ ಆಟಕ್ಕೆ ಹೊಸ ಎಣಿಕೆ. ಎರಡನೇ ಸಾಲನ್ನು ಅನಗತ್ಯವೆಂದು ಅಳಿಸಬೇಡಿ. ತಪ್ಪು ಉತ್ತರಕ್ಕೆ ಸೊನ್ನೆ ಅಂಕ ಬಂದಾಗಲೂ ಹೊಸ ಕ್ರಮಸಂಖ್ಯೆ ಕೊಟ್ಟರೆ, ಅಂಕ ಬದಲಾಗದ ಆಟಗಾರ ಸಮಾನರ ಸಾಲಿನಲ್ಲಿ ಹಿಂದಕ್ಕೆ ಹೋಗುತ್ತಾನೆ. ಅದೇ ಉತ್ತರ ಎರಡು ಸಲ ಬಂದರೆ ತಡೆಯುವುದು ಈ ಸ್ಕ್ರಿಪ್ಟ್‌ನ ಕೆಲಸವಲ್ಲ, ಅದನ್ನು ಮೊದಲೇ ಬೇರೆ ಕಡೆ ತಡೆದಿರಬೇಕು.

ಕೋಡ್ ತೀರ್ಮಾನಿಸಲಾಗದ ಒಂದು ವಿಷಯ ಉಳಿಯುತ್ತದೆ. ಅಂಕ ಕಳೆಯುವ ಆಟದಲ್ಲಿ ಒಬ್ಬರು 30,000ಕ್ಕೆ ಏರಿ, 20,000ಕ್ಕೆ ಇಳಿದು, ಮತ್ತೆ 30,000 ಮುಟ್ಟಿದರೆ ಯಾವುದನ್ನು ಲೆಕ್ಕಕ್ಕೆ ಹಿಡಿಯುವುದು? ಮೇಲಿನ ಸ್ಕ್ರಿಪ್ಟ್ ಎರಡನೆಯದನ್ನು ಹಿಡಿಯುತ್ತದೆ. ಅದು ನನ್ನ ಅಭಿಪ್ರಾಯವಷ್ಟೇ. ಆಟ ನಡೆಸುವವರು ಮೊದಲೇ ಬರೆದು ಪ್ರಕಟಿಸಬೇಕಾದ ನಿಯಮ ಅದು.

ನಿಮ್ಮ ಬಳಿ ಇಂಥ ಪಟ್ಟಿ ಇದ್ದರೆ ಇಬ್ಬರು ಆಟಗಾರರನ್ನು ತೆಗೆದುಕೊಳ್ಳಿ. ನಿಮ್ಮ ಆಟದ ಅತಿ ದೊಡ್ಡ ಅಂಕದವರೆಗೆ ಇಬ್ಬರನ್ನೂ ಹಲವು ಮೆಟ್ಟಿಲಲ್ಲಿ ಏರಿಸಿ, ಮೊದಲ ಮೆಟ್ಟಿಲಲ್ಲಿ ಒಬ್ಬರು ಮುಂದಿರಲಿ, ಕೊನೆಯದನ್ನು ಇನ್ನೊಬ್ಬರು ಕೆಲವೇ ಮಿಲಿಸೆಕೆಂಡ್ ಮೊದಲು ಮುಟ್ಟಲಿ. ಆಮೇಲೆ ಅವರ ಹೆಸರುಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಓಡಿಸಿ. ಎರಡು ಸಲವೂ ಕೊನೆಯ ಮೆಟ್ಟಿಲಲ್ಲಿ ಮುಂದಿದ್ದವರೇ ಮೇಲೆ ಬಂದರೆ ಪಟ್ಟಿ ಸರಿಯಿದೆ.