ಮೂರು ಅಂಕ ಮುಂದಿದ್ದರೆ ಗೆದ್ದ ಹಾಗಲ್ಲ

ಚುನಾವಣೆ ಹತ್ತಿರ ಬಂತೆಂದರೆ ಅರಳಿಕಟ್ಟೆಯಲ್ಲಿ ಸಮೀಕ್ಷೆಯದ್ದೇ ಮಾತು. ಆ ಅಂಕಿ ನಂಬಿ ಕುರಿ, ಬೈಕು ಬಾಜಿಗೆ ಇಡುವವರೂ ನಮ್ಮ ಊರುಗಳಲ್ಲಿದ್ದಾರೆ. ಅದಕ್ಕೇ ಸಮೀಕ್ಷೆಯ ಸುದ್ದಿ ಬರೆಯುವ ಮೊದಲು ನಾವೊಂದು ಲೆಕ್ಕ ಹಾಕುತ್ತೇವೆ. ನೀವೂ ಹಾಕಬಹುದು.

ಒಂದು ಉದಾಹರಣೆ ನೋಡೋಣ. ರಾಜ್ಯದಲ್ಲಿ 1,000 ಮತದಾರರನ್ನು ಕೇಳಿದರು ಎಂದುಕೊಳ್ಳಿ. 420 ಜನ ‘ಅ’ ಪಕ್ಷ ಎಂದರು, 390 ಜನ ‘ಬ’ ಪಕ್ಷ ಎಂದರು. ಟಿವಿಯಲ್ಲಿ ಶೇ 42, ಶೇ 39 ಎಂದು ದೊಡ್ಡದಾಗಿ ಬರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ದೋಷದ ಮಿತಿ ಶೇ 3’ ಎಂದಿರುತ್ತದೆ.

ಆ ಸಣ್ಣ ಅಕ್ಷರದ ಅರ್ಥ ಇಷ್ಟು: ಇವರ ಬದಲು ಬೇರೆ 1,000 ಜನ ಸಿಕ್ಕಿದ್ದರೆ ಅಂಕಿ ಸ್ವಲ್ಪ ಆಚೀಚೆ ಆಗುತ್ತಿತ್ತು. ಇಂಥ ನೂರು ಸಮೀಕ್ಷೆ ಮಾಡಿದರೆ ಸುಮಾರು 95ರಲ್ಲಿ ನಿಜವಾದ ಅಂಕಿ 3ರಷ್ಟು ಮೇಲೆ ಕೆಳಗಿನ ಒಳಗೇ ಇರುತ್ತದೆ. ಅಂದರೆ ‘ಅ’ಗೆ 39ರಿಂದ 45, ‘ಬ’ಗೆ 36ರಿಂದ 42.

ಅಂತರಕ್ಕೂ ಅದೇ 3 ಸಾಕು ಎಂದು ಬಹಳ ಜನ ತಿಳಿಯುತ್ತಾರೆ. ಸಾಲದು. ಒಂದು ಪಕ್ಷದ ಅಂಕಿ ಇಳಿದಾಗ ಇನ್ನೊಂದರದ್ದು ಏರಬಹುದಲ್ಲ, ಹಾಗಾಗಿ ಅಂತರದ ಮಿತಿ ಹೆಚ್ಚುಕಡಿಮೆ ಎರಡರಷ್ಟು, ಇಲ್ಲಿ ಸುಮಾರು 6. ‘ಅ’ 8 ಅಂಕ ಮುಂದಿರಬಹುದು, ‘ಬ’ಯೇ 2 ಅಂಕ ಮುಂದಿರಬಹುದು. ಆದ್ದರಿಂದ ನಾವು ‘ಅ ಪಕ್ಷಕ್ಕೆ ಮುನ್ನಡೆ’ ಎಂದು ತಲೆಬರಹ ಕೊಡುವುದಿಲ್ಲ. ‘ಯಾರು ಮುಂದೆ ಎಂದು ಈ ಸಮೀಕ್ಷೆಯಿಂದ ಹೇಳಲಾಗದು’ ಎಂದೇ ಬರೆಯುತ್ತೇವೆ.

‘ನಮ್ಮ ಜಿಲ್ಲೆದು ಹೆಂಗೈತಿ?’ ಎಂದು ಓದುಗರು ಕೇಳುತ್ತಾರೆ. ಕರ್ನಾಟಕದ 31 ಜಿಲ್ಲೆಗೆ ಆ 1,000 ಹಂಚಿದರೆ ಜಿಲ್ಲೆಗೆ ಸುಮಾರು 32 ಜನ. ಅಷ್ಟು ಕಡಿಮೆ ಜನರಿದ್ದರೆ ಮಿತಿ ಸುಮಾರು 17ಕ್ಕೆ ಏರುತ್ತದೆ. ಶೇ 50 ಎಂದು ಬಂದದ್ದು 33 ಇರಬಹುದು, 67 ಇರಬಹುದು. ಇನ್ನು 224 ಕ್ಷೇತ್ರಕ್ಕೆ ಹಂಚಿದರೆ ತಲಾ ನಾಲ್ಕೈದು ಜನ. ಅಷ್ಟು ಜನ ಒಂದು ಚಹಾ ಅಂಗಡಿಯಲ್ಲೇ ಸಿಗುತ್ತಾರೆ. ಇಂಥ ಸಮೀಕ್ಷೆಯಿಂದ ನಾವು ಜಿಲ್ಲೆಯ ಅಂಕಿ ತೆಗೆದು ಹಾಕುವುದೇ ಇಲ್ಲ.

ಈ ಮಿತಿ ಹೇಳದ ಮಾತೂ ಒಂದಿದೆ. ಜೋಳದ ಚೀಲದ ಮೇಲಿನ ಹಿಡಿ ಕಾಳು ನೋಡಿ ದರ ಕಟ್ಟಿದರೆ ತಳದ ಕಸ ಗೊತ್ತಾಗುವುದಿಲ್ಲ. ಹಾಗೆಯೇ ಬರೀ ಫೋನ್ ಎತ್ತಿದವರನ್ನು ಕೇಳಿದರೆ, ಹೊಲದಲ್ಲಿದ್ದವರು, ಅಪರಿಚಿತರಿಗೆ ತಮ್ಮ ಮತ ಹೇಳಲು ಹೆದರುವವರು ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ಪಟ್ಟು ಜನರನ್ನು ಕೇಳಿದರೆ ದೋಷದ ಮಿತಿ ಅರ್ಧಕ್ಕೆ ಇಳಿಯುತ್ತದೆ. ಈ ತಪ್ಪು ಮಾತ್ರ ಹಾಗೇ ಉಳಿಯುತ್ತದೆ.

ಆದ್ದರಿಂದ ವಾಟ್ಸ್ಆ್ಯಪ್‌ನಲ್ಲಿ ಅಂಕಿ ಬಂದರೆ ಎಷ್ಟು ಜನರನ್ನು, ಯಾವಾಗ, ಹೇಗೆ ಕೇಳಿದ್ದು ಎಂದು ಮೊದಲು ಹುಡುಕಿ. ಅದು ಇಲ್ಲದ ಅಂಕಿಯ ಮೇಲೆ ಕುರಿ ಕಟ್ಟಬೇಡಿ.